ಕೇಸ್ ಸ್ಟಡಿ ವರದಿ: ಗೋಣಿಕೊಪ್ಪಲಿನ ಒಂದು ಕಾಫಿಪುಡಿ ಘಟಕ ಲಾಭದಲ್ಲಿದೆಯೇ?

ವಿಷಯ: ವೆಚ್ಚ ಲೆಕ್ಕಾಚಾರ ಮತ್ತು ಬೆಲೆ ನಿರ್ಧಾರ, ಎಂಬಿಎ ಎರಡನೇ ಸೆಮಿಸ್ಟರ್

ಕುಟುಂಬದವರ ಕೋರಿಕೆಯಂತೆ ಅವರ ಮತ್ತು ಬ್ರ್ಯಾಂಡಿನ ಹೆಸರು ಕೊಟ್ಟಿಲ್ಲ. ಅಂಕಿಗಳು ಅವರ ಲೆಕ್ಕದ ಪುಸ್ತಕದಿಂದ ಬಂದವು. ಓದಲು ಸುಲಭವಾಗಲಿ ಎಂದು ಹತ್ತಿರದ ಸಂಖ್ಯೆಗೆ ತಂದಿದ್ದೇವೆ.

ಹಿನ್ನೆಲೆ

ಗೋಣಿಕೊಪ್ಪಲಿನ ಹತ್ತಿರ ಈ ಕುಟುಂಬಕ್ಕೆ 15 ಎಕರೆ ರೊಬಸ್ಟಾ ತೋಟವಿದೆ. ಒಳ್ಳೆ ವರ್ಷದಲ್ಲಿ 50 ಕೆಜಿಯ ಸುಮಾರು 300 ಚೀಲ ಒಣ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಸಿಗುತ್ತದೆ. ಇದರಲ್ಲಿ 200 ಚೀಲ ಊರಿನ ವ್ಯಾಪಾರಿಗೆ ಹೋಗುತ್ತದೆ. ಉಳಿದ 100 ಚೀಲವನ್ನು ಕ್ಯೂರಿಂಗ್ ಮಾಡಿಸಿ, ಅಂದರೆ ಸಿಪ್ಪೆ ತೆಗೆಸಿ ಬೀಜ ಬೇರ್ಪಡಿಸಿ, ಹುರಿಸಿ, ಪುಡಿ ಮಾಡಿ ಸ್ವಂತ ಹೆಸರಿನಲ್ಲಿ ಮಾರುತ್ತಾರೆ. ಚಿಕೋರಿ ಬೆರೆಸುವುದಿಲ್ಲ.

ಒಂದು ಚೀಲಕ್ಕೆ 26 ಕೆಜಿ ಬೀಜ ಬರುತ್ತದೆ. ಹುರಿಯುವಾಗ ಸುಮಾರು 17% ತೂಕ ಹೋಗುತ್ತದೆ. ಹಾಗಾಗಿ 100 ಚೀಲದಿಂದ ಕೈಗೆ ಬರುವ ಪುಡಿ 2,150 ಕೆಜಿ.

ಸಮಸ್ಯೆ

ಮಾಲೀಕರು ನಮ್ಮ ಮುಂದಿಟ್ಟ ಪ್ರಶ್ನೆ: "ಮಾರಾಟ ಹೆಚ್ಚಿಸೋದು ಹೇಗೆ?" ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ಇನ್ನಷ್ಟು ದುಡ್ಡು ಹಾಕುವ ಯೋಚನೆ ಅವರದ್ದು. ಅವರ ಪುಸ್ತಕದ ಪ್ರಕಾರ ಘಟಕಕ್ಕೆ ವರ್ಷಕ್ಕೆ 1,72,000 ರೂಪಾಯಿ ಲಾಭ. ಆದರೂ ಮಾರ್ಚ್ ಬಂತೆಂದರೆ ಕೊಯ್ಲಿನ ಕೂಲಿಗೆ ಕೈಸಾಲ ಮಾಡಬೇಕಾಗುತ್ತದೆ. ಲಾಭ ಇದ್ದರೆ ದುಡ್ಡೆಲ್ಲಿ?

ಆದ್ದರಿಂದ ಸಮಸ್ಯೆಯನ್ನು ನಾವು ಬೇರೆ ರೀತಿ ಬರೆದುಕೊಂಡೆವು: 2024ರ ಕಾಫಿ ದರದಲ್ಲಿ ಬೀಜವನ್ನು ಪುಡಿ ಮಾಡಿ ಮಾರುವುದರಿಂದ, ಚೆರಿಯನ್ನೇ ಮಾರುವುದಕ್ಕಿಂತ ಜಾಸ್ತಿ ಸಿಗುತ್ತಿದೆಯೇ? ಇಲ್ಲದಿದ್ದರೆ ಯಾವ ಗ್ರಾಹಕರಿಂದ ನಷ್ಟವಾಗುತ್ತಿದೆ?

ವಿಶ್ಲೇಷಣೆ

ಮಾರಾಟ ಮೂರು ದಾರಿಯಲ್ಲಿ ನಡೆಯುತ್ತದೆ.

| ದಾರಿ | ಕೆಜಿ | ದರ (ರೂ.) | ಆದಾಯ (ರೂ.) |
|---|---|---|---|
| ರಸ್ತೆ ಬದಿಯ ಬಾಡಿಗೆ ಅಂಗಡಿ | 700 | 560 | 3,92,000 |
| ಕೊರಿಯರ್ (ಬೆಂಗಳೂರು, ಮೈಸೂರು) | 500 | 540 | 2,70,000 |
| ಹೋಟೆಲ್, ಹೋಮ್‌ಸ್ಟೇ | 950 | 390 | 3,70,500 |

ಒಟ್ಟು 10,32,500 ರೂಪಾಯಿ. ಕ್ಯೂರಿಂಗ್, ಹುರಿಯುವುದು, ಪ್ಯಾಕಿಂಗ್ ಸೇರಿ ಕೆಜಿಗೆ 70 ರೂಪಾಯಿ, ಅಂದರೆ 1,50,500. ಅಂಗಡಿ ಬಾಡಿಗೆ ತಿಂಗಳಿಗೆ 10,000, ಒಬ್ಬ ಕೆಲಸದವರ ಸಂಬಳ 13,000, ಜಾಹೀರಾತು 7,000. ಇವೆಲ್ಲ ವರ್ಷಕ್ಕೆ 3,60,000. ಇಷ್ಟು ಕಳೆದರೆ ಬೀಜದ ಖರ್ಚಿಗೆ ಮೊದಲು 5,22,000 ಉಳಿಯುತ್ತದೆ.

ತೊಡಕು ಇರುವುದು ಬೀಜದ ಖರ್ಚಿನಲ್ಲಿ. ಮಾಲೀಕರು ಚೀಲಕ್ಕೆ 3,500 ರೂಪಾಯಿ ಹಿಡಿದಿದ್ದಾರೆ. ಅದು ಗೊಬ್ಬರ, ಕೂಲಿ, ನೀರಾವರಿ ಸೇರಿದ ಬೆಳೆಯುವ ಖರ್ಚು ಮಾತ್ರ. ಯಾಕೆ ಎಂದು ಕೇಳಿದಾಗ, "ನಮ್ಮ ತೋಟದ್ದೇ ಕಾಫಿ ಅಲ್ವಾ, ಅದಕ್ಕೆ ನಾವೇ ರೇಟ್ ಕಟ್ಟೋದಾ?" ಎಂದರು. ಆದರೆ ಅದೇ ಚೀಲಕ್ಕೆ ವ್ಯಾಪಾರಿ 2024ರಲ್ಲಿ ಕೊಟ್ಟಿದ್ದು 9,800 ರೂಪಾಯಿ. ವಿಯೆಟ್ನಾಂನಲ್ಲಿ ಬೆಳೆ ಕಡಿಮೆಯಾಗಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಏರಿದ್ದರ ಫಲ ಅದು. ಪುಡಿ ಮಾಡಿದ ಪ್ರತಿ ಚೀಲಕ್ಕೂ ಕುಟುಂಬ ಈ 9,800ನ್ನು ಬಿಟ್ಟುಕೊಟ್ಟಿದೆ. ಘಟಕದ ನಿಜವಾದ ಖರ್ಚು ಇದೇ.

ಆ ದರ ಹಾಕಿದರೆ ಬೀಜಕ್ಕೇ 9,80,000 ಆಗುತ್ತದೆ. 1,72,000 ಲಾಭ ಎಂದು ಬರೆದ ಕಡೆ 4,58,000 ನಷ್ಟ ಬರುತ್ತದೆ. ಇನ್ನೊಂದು ಲೆಕ್ಕವೂ ಗೋಡೆ ಮೇಲೆ ಬರೆದಿಡುವಂಥದ್ದು: ಈಗಿನ ಪುಡಿ ದರದಲ್ಲಿ ಚೆರಿ ಚೀಲಕ್ಕೆ 5,220 ರೂಪಾಯಿ ದಾಟಿದ ದಿನದಿಂದ ಪುಡಿ ಮಾರುವುದು ನಷ್ಟ. ಘಟಕ ಶುರುವಾದಾಗ ದರ ಇದಕ್ಕಿಂತ ಎಷ್ಟೋ ಕೆಳಗಿತ್ತು. ಹಾಗಾಗಿ ಅಂದಿನ ನಿರ್ಧಾರ ತಪ್ಪಲ್ಲ. ದರ ಏರಿದ ಮೇಲೂ ಲೆಕ್ಕ ಬದಲಾಗಲಿಲ್ಲ, ಅಷ್ಟೇ.

ಗ್ರಾಹಕರ ಪ್ರಕಾರ ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ಒಂದು ಕೆಜಿ ಪುಡಿಗೆ ಬೀಜ 456, ತಯಾರಿ 70, ಒಟ್ಟು 526 ರೂಪಾಯಿ ನೇರ ಖರ್ಚು. ಅಂಗಡಿಯಲ್ಲಿ ಕೆಜಿಗೆ 34, ಕೊರಿಯರ್‌ನಲ್ಲಿ 14 ಉಳಿಯುತ್ತದೆ. ಹೋಟೆಲ್‌ನವರು ಕೊಡುವ 390 ಬೀಜದ ಬೆಲೆಗೂ ಸಾಲದು. ಕೆಜಿಗೆ 136 ಕೈಯಿಂದ ಹೋಗುತ್ತದೆ. ಮೇಲಾಗಿ ಅದು ಎರಡು ಮೂರು ತಿಂಗಳ ಸಾಲದ ವ್ಯಾಪಾರ. ನಾವು ಹೋದಾಗ 1,10,000 ಬಾಕಿ ಬರಬೇಕಿತ್ತು. ಕೊಯ್ಲಿನ ಹೊತ್ತಿಗೆ ಕೈ ಖಾಲಿಯಾಗಲು ಇದೂ ಕಾರಣ. ಅತಿ ಹೆಚ್ಚು ಪುಡಿ ಹೋಗುವ ದಾರಿಯೇ ಅತಿ ಹೆಚ್ಚು ನಷ್ಟದ ದಾರಿ. ಇಂಥ ಕಡೆ ಮಾರಾಟ ಹೆಚ್ಚಿಸಿದರೆ ನಷ್ಟವೂ ಹೆಚ್ಚುತ್ತದೆ.

ಪರ್ಯಾಯಗಳು

ಘಟಕ ಮುಚ್ಚಿ ಎಲ್ಲ ಚೆರಿಯನ್ನೂ ಮಾರಬಹುದು. 2024ರ ದರದ ಮಟ್ಟಿಗೆ ಇದರಲ್ಲಿ ತಪ್ಪೇನಿಲ್ಲ. ಆದರೆ ವರ್ಷಗಳಿಂದ ಕಟ್ಟಿದ ಕೊರಿಯರ್ ಗ್ರಾಹಕರನ್ನು ಒಮ್ಮೆ ಬಿಟ್ಟರೆ ಮತ್ತೆ ಸೇರಿಸುವುದು ಕಷ್ಟ. ಕಾಫಿ ದರ ಇಳಿಯುವುದೂ ಕೊಡಗಿಗೆ ಹೊಸತಲ್ಲ.

ಚಿಕೋರಿ ಬೆರೆಸಿದರೆ ಖರ್ಚು ಇಳಿಯುತ್ತದೆ. ನಿಯಮದಲ್ಲಿ 49%ರವರೆಗೆ ಅವಕಾಶವಿದೆ, ಪ್ಯಾಕೆಟ್ ಮೇಲೆ ಪ್ರಮಾಣ ಹಾಕಬೇಕು. ಆದರೆ ಶುದ್ಧ ಕಾಫಿ ಎಂಬ ಮಾತಿನ ಮೇಲೆಯೇ ಅಂಗಡಿ ನಡೆಯುತ್ತಿದೆ. ಒಂದೇ ಹೆಸರಿನಲ್ಲಿ ಎರಡೂ ಮಾರುವುದು ನಮಗೆ ಸರಿ ಕಾಣಲಿಲ್ಲ. 'ಕೊಡಗು ಅರೇಬಿಕಾ'ದ ಜಿಐ, ಅಂದರೆ ಭೌಗೋಳಿಕ ಸೂಚಕದ, ಗುರುತು ಬಳಸಬಹುದೇ ಎಂದೂ ಮಾಲೀಕರು ಕೇಳಿದರು. ಇದು ರೊಬಸ್ಟಾ, ಹಾಗಾಗಿ ಆ ಪ್ರಶ್ನೆ ಏಳುವುದೇ ಇಲ್ಲ.

ಶಿಫಾರಸು ಮತ್ತು ಕಾರಣ

ಘಟಕ ಉಳಿಯಲಿ, ಆದರೆ ಚಿಕ್ಕದಾಗಲಿ. ಅಂಗಡಿ ದರ 800, ಕೊರಿಯರ್ ದರ 780, ಹೋಟೆಲ್ ದರ 620 ಮಾಡಬೇಕು. ಹೋಟೆಲ್ ಸಾಲ 15 ದಿನ ದಾಟಬಾರದು. ಜಾಹೀರಾತನ್ನು ತಿಂಗಳಿಗೆ 2,000ಕ್ಕೆ ಇಳಿಸಬೇಕು.

ಏರಿಕೆ ದೊಡ್ಡದೇ, ಒಪ್ಪುತ್ತೇವೆ. ಅಂಗಡಿಯಲ್ಲಿ 600 ಕೆಜಿ, ಕೊರಿಯರ್‌ನಲ್ಲಿ 450, ಹೋಟೆಲ್‌ಗೆ 300 ಕೆಜಿ ಮಾತ್ರ ಹೋಗುತ್ತದೆ ಎಂದು ಹಿಡಿದೆವು. ಬೀಜವನ್ನು ಮಾರುಕಟ್ಟೆ ದರದಲ್ಲೇ ಲೆಕ್ಕ ಹಾಕಿದರೂ 6,900 ರೂಪಾಯಿ ಉಳಿಯುತ್ತದೆ. ಇದು ಲಾಭ ಎನ್ನುವಂಥ ಮೊತ್ತವಲ್ಲ. ಆದರೆ 4,58,000 ನಷ್ಟ ನಿಂತಿತಲ್ಲ. ಬೇಕಾಗುವುದು ಸುಮಾರು 63 ಚೀಲ. ಮಿಕ್ಕ 37 ಚೀಲ ಮಾರಿದರೆ ಕೊಯ್ಲಿನ ಸಮಯಕ್ಕೇ 3,62,600 ರೂಪಾಯಿ ಕೈಗೆ ಬರುತ್ತದೆ. ಕೈಸಾಲ ಬೇಕಾಗುವುದಿಲ್ಲ.

ನಮ್ಮ ಅಂದಾಜು ತಪ್ಪಿ ಅಂಗಡಿ ಮತ್ತು ಕೊರಿಯರ್ ಮಾರಾಟ ಈಗಿನದಕ್ಕಿಂತ 30% ಕುಸಿದರೆ? ಆಗ ನಷ್ಟ 49,000ದ ಆಸುಪಾಸು. ಈಗಿನ ನಷ್ಟದ ಒಂಬತ್ತನೇ ಒಂದು ಭಾಗ. ಮುಂದೆ ಚೆರಿ ದರ 6,000ಕ್ಕೆ ಇಳಿದು ಪುಡಿ ದರ ಹೀಗೇ ನಿಂತರೆ 2,45,000ದಷ್ಟು ಉಳಿಯುತ್ತದೆ. ಘಟಕ ಮುಚ್ಚಬೇಡಿ ಎಂದು ನಾವು ಹೇಳುವುದು ಈ ಸಾಧ್ಯತೆಗಾಗಿ.

ಜಾರಿ

ಮೊದಲ ಕೆಲಸ ಹೋಟೆಲ್ ಬಾಕಿ ವಸೂಲಿ. ಹಳೇ ಬಾಕಿ ತೀರಿಸದವರಿಗೆ ಹೊಸ ದರದಲ್ಲೂ ಪುಡಿ ಕೊಡಬಾರದು. ಕೊರಿಯರ್ ಗ್ರಾಹಕರಿಗೆ ದರ ಏರಿಕೆಯನ್ನು ಒಂದು ತಿಂಗಳು ಮೊದಲೇ ವಾಟ್ಸಾಪ್‌ನಲ್ಲಿ ಕಾರಣ ಸಮೇತ ತಿಳಿಸಬೇಕು. ಅವರಲ್ಲಿ ಹೆಚ್ಚಿನವರು ಕೊಡಗಿನ ಮೂಲದವರೇ, ಚೆರಿ ದರ ಅವರಿಗೂ ಗೊತ್ತಿರುತ್ತದೆ.

ಪ್ರತಿ ತಿಂಗಳ ಒಂದನೇ ತಾರೀಖು ವ್ಯಾಪಾರಿಯ ದರ ಕೇಳಿ, ತೋಟದಿಂದ ಘಟಕಕ್ಕೆ ಹೋಗುವ ಚೀಲಕ್ಕೆ ಅದೇ ದರ ಬರೆಯಬೇಕು. ಈ ಪುಸ್ತಕವನ್ನು ಮಾಲೀಕರ ಮಗಳು ನೋಡಿಕೊಳ್ಳಲು ಒಪ್ಪಿದ್ದಾರೆ. ಆರು ತಿಂಗಳಲ್ಲಿ ಅಂಗಡಿ ಮತ್ತು ಕೊರಿಯರ್ ಮಾರಾಟ ಈಗಿನ ಅರ್ಧಕ್ಕಿಂತ ಕೆಳಗಿಳಿದರೆ ಅಂಗಡಿ ಬಾಡಿಗೆ ಬಿಟ್ಟು, ಕೊರಿಯರ್ ಮಾತ್ರ ಮನೆಯಿಂದ ನಡೆಸಿ, ಉಳಿದ ಚೆರಿಯನ್ನೆಲ್ಲ ವ್ಯಾಪಾರಿಗೆ ಹಾಕಬೇಕು.