ಪೋಷಕರ ಸಂಪರ್ಕ ಸಂಖ್ಯೆ ಬದಲಾಯಿಸಲು ಕೋರಿ ಶಾಲಾ ಕಚೇರಿಗೆ ಪತ್ರ

ದಿನಾಂಕ: 14 ಜುಲೈ 2025

ಇವರಿಂದ,
ಸುಮಾ ಪ್ರಕಾಶ್
(ಅನಘಾ ಪ್ರಕಾಶ್ ತಾಯಿ, 4ನೇ ತರಗತಿ ‘ಬಿ’ ವಿಭಾಗ, ದಾಖಲಾತಿ ಸಂಖ್ಯೆ 2137)

ಇವರಿಗೆ,
ಮುಖ್ಯೋಪಾಧ್ಯಾಯರು
(ಶಾಲಾ ಕಚೇರಿಯ ಮೂಲಕ)

ಮಾನ್ಯರೇ,

ವಿಷಯ: ತಂದೆ ವಿದೇಶಕ್ಕೆ ತೆರಳಿರುವುದರಿಂದ ಮಗಳ ದಾಖಲೆಯಲ್ಲಿ ಮೊದಲ ಸಂಪರ್ಕ ಸಂಖ್ಯೆಯನ್ನು ಬದಲಾಯಿಸುವ ಬಗ್ಗೆ.

ನನ್ನ ಪತಿ ಪ್ರಕಾಶ್ ಅವರು ಕೆಲಸದ ಮೇಲೆ ಜೂನ್ 22ರಂದು ಜರ್ಮನಿಗೆ ಹೋಗಿದ್ದಾರೆ. ಕನಿಷ್ಠ ಎರಡು ವರ್ಷ ಅಲ್ಲಿಯೇ ಇರುತ್ತಾರೆ. ಅನಘಾಳನ್ನು ಶಾಲೆಗೆ ಸೇರಿಸಿದ ದಿನದಿಂದ ನಿಮ್ಮಲ್ಲಿ ಮೊದಲ ಸಂಪರ್ಕವಾಗಿ ಇರುವುದು ಅವರ ಸಂಖ್ಯೆ, 4417 ಎಂದು ಕೊನೆಗೊಳ್ಳುವುದು. ಆ ಸಿಮ್ ಈಗ ಬಳಕೆಯಲ್ಲಿಲ್ಲ. ಅದರ ಬದಲು 9062 ಎಂದು ಕೊನೆಗೊಳ್ಳುವ ನನ್ನ ಮೊಬೈಲ್ ಸಂಖ್ಯೆಯನ್ನು ದಾಖಲಿಸಿಕೊಳ್ಳಬೇಕೆಂದು ಕೋರುತ್ತೇನೆ. ಈ ಪತ್ರ ಮಗಳ ಕೈಯಲ್ಲಿ ಬರುತ್ತಿರುವುದರಿಂದ ಪೂರ್ತಿ ಸಂಖ್ಯೆಯನ್ನು ಇಲ್ಲಿ ಬರೆದಿಲ್ಲ. ಜೊತೆಗಿರುವ ಅಂಟಿಸಿದ ಲಕೋಟೆಯೊಳಗಿನ ನಮೂನೆಯಲ್ಲಿ ಅಂಕಿಗಳಲ್ಲೂ ಅಕ್ಷರಗಳಲ್ಲೂ ಬರೆದು ಸಹಿ ಮಾಡಿದ್ದೇನೆ.

ಕಳೆದ ಗುರುವಾರವೇ ಇದನ್ನು ಮಾಡಬೇಕಿತ್ತು ಎಂಬ ಅರಿವು ನನಗಿದೆ. ಅಂದು ಹನ್ನೊಂದರ ಹೊತ್ತಿಗೆ ಅನಘಾಳಿಗೆ ಜ್ವರ ಬಂದಾಗ ಕಚೇರಿಯವರು ಅವಳ ತಂದೆಯ ಸಂಖ್ಯೆಗೆ ಮೂರು ಬಾರಿ ಕರೆ ಮಾಡಿದ್ದಾರೆ. ಫೋನ್ ಸ್ವಿಚ್ ಆಫ್ ಆಗಿತ್ತು. ತರಗತಿಯ ಶಿಕ್ಷಕಿ ಅವಳ ಡೈರಿಯ ಕೊನೆಯ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದ ನನ್ನ ಸಂಖ್ಯೆಯನ್ನು ಹುಡುಕಿ ತೆಗೆಯುವಷ್ಟರಲ್ಲಿ ಒಂದು ಗಂಟೆ ದಾಟಿತ್ತು. ನಾನು ಬಂದಾಗ ಅವಳು ಕಚೇರಿಯ ಬೆಂಚಿನ ಮೇಲೆ ಬ್ಯಾಗಿಗೆ ತಲೆಯಿಟ್ಟು ಮಲಗಿದ್ದಳು, ಹಣೆಯ ಮೇಲೆ ಯಾರೋ ಇಟ್ಟ ಒದ್ದೆ ಕರವಸ್ತ್ರವಿತ್ತು. ಅದನ್ನಿಟ್ಟವರಿಗೆ ನಾನು ಋಣಿ. ತಪ್ಪು ನಿಮ್ಮದಲ್ಲ, ಸಂಖ್ಯೆ ಬದಲಾಗಿದ್ದನ್ನು ನಾವು ತಿಳಿಸಿರಲಿಲ್ಲ.

ಹಳೆಯ ಸಂಖ್ಯೆಯನ್ನು ಎರಡನೆಯದಾಗಿಯೂ ಉಳಿಸಿಕೊಳ್ಳದೆ ಪೂರ್ತಿಯಾಗಿ ತೆಗೆದುಹಾಕಬೇಕೆಂಬುದು ನನ್ನ ವಿಶೇಷ ವಿನಂತಿ. ಕೆಲವು ತಿಂಗಳು ಬಳಸದೆ ಬಿಟ್ಟ ಸಂಖ್ಯೆಯನ್ನು ಮೊಬೈಲ್ ಕಂಪನಿ ಹಿಂಪಡೆದು ಬೇರೊಬ್ಬರಿಗೆ ಕೊಡುತ್ತದೆ. ಆಮೇಲೆ ಅನಘಾ ಶಾಲೆಗೆ ಬಂದಳೇ, ಯಾವ ಬಸ್ಸಿನಲ್ಲಿ ಹೊರಟಳು ಎಂಬ ಸಂದೇಶಗಳು ಅಪರಿಚಿತರ ಕೈಗೆ ಹೋಗುತ್ತವೆ. ಶುಲ್ಕ ಪಾವತಿಯ ಒಟಿಪಿ ಕೂಡ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಕಚೇರಿಯ ಕಂಪ್ಯೂಟರಿನಲ್ಲಿ ತಿದ್ದಿದರಷ್ಟೇ ಸಾಲದು. ನನಗೆ ತಿಳಿದಂತೆ ಆ ಸಂಖ್ಯೆ ತರಗತಿಯ ಹಾಜರಾತಿ ಪುಸ್ತಕದಲ್ಲಿ, ಬಸ್ಸಿನ ಸಹಾಯಕರ ಬಳಿ ಇರುವ ಪಟ್ಟಿಯಲ್ಲಿ, ಆರೋಗ್ಯ ಕಾರ್ಡಿನಲ್ಲಿ, ಸಂದೇಶ ಕಳುಹಿಸುವ ಪಟ್ಟಿಯಲ್ಲಿ ಮತ್ತು ಮಗಳ ಕೊರಳಿನ ಗುರುತಿನ ಚೀಟಿಯ ಹಿಂಬದಿಯಲ್ಲಿ ಇದೆ. ಹೊಸ ಗುರುತಿನ ಚೀಟಿಗೆ ತಗಲುವ ಶುಲ್ಕವನ್ನು ಕೊಡುತ್ತೇನೆ. ಅದು ಬರುವವರೆಗೆ ಹಳೆಯದರ ಮೇಲೆ ಹೊಸ ಸಂಖ್ಯೆಯ ಚೀಟಿ ಅಂಟಿಸಿ ಕಳುಹಿಸುತ್ತಿದ್ದೇನೆ.

ನಾನು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ 11ರಿಂದ 12ರವರೆಗೆ ಫೋನನ್ನು ಹೊರಗಿಡಬೇಕಾಗುತ್ತದೆ. ಆ ಹೊತ್ತಿನಲ್ಲಿ ನಾನು ಸಿಗದಿದ್ದರೆ ದಯವಿಟ್ಟು ಕಾಯದೆ ನನ್ನ ತಂದೆ ರಾಮಚಂದ್ರ ಅವರಿಗೆ ಕರೆ ಮಾಡಿ. ಅವರ ಸಂಖ್ಯೆಯೂ ನಮೂನೆಯಲ್ಲಿದೆ. ಮನೆಯಲ್ಲೇ ಇರುತ್ತಾರೆ, ಹತ್ತು ನಿಮಿಷದಲ್ಲಿ ಶಾಲೆ ತಲುಪುತ್ತಾರೆ. ಕಿವಿ ಸ್ವಲ್ಪ ಮಂದ, ಆದ್ದರಿಂದ ನಿಧಾನವಾಗಿ, ಗಟ್ಟಿಯಾಗಿ ಹೇಳಬೇಕು. ಅನಘಾಳನ್ನು ಕರೆದುಕೊಂಡು ಹೋಗಲು ಅವರಿಗೂ ನನಗೂ ಮಾತ್ರ ಅನುಮತಿ ಇರಲಿ. ಬೇರೆ ಯಾರೇ ನಮ್ಮ ಹೆಸರು ಹೇಳಿ ಬಂದರೂ ನನಗೆ ಕರೆ ಮಾಡದೆ ಕಳುಹಿಸಬೇಡಿ.

ಬದಲಾಗುವುದು ಸಂಖ್ಯೆ ಮಾತ್ರ. ತಂದೆಯಾಗಿ ಪ್ರಕಾಶ್ ಅವರ ಹೆಸರು ಎಲ್ಲ ದಾಖಲೆಗಳಲ್ಲೂ ಈಗಿರುವಂತೆಯೇ ಉಳಿಯಬೇಕು. ಅಂಕಪಟ್ಟಿ ಮತ್ತು ಪೋಷಕರ ಸಭೆಯ ಸೂಚನೆಗಳನ್ನು ಅವರ ಇಮೇಲ್‌ಗೂ ಕಳುಹಿಸಿದರೆ ಉಪಕಾರವಾಗುತ್ತದೆ. ಮಗಳ ಓದಿನ ವಿಷಯ ಅವರಿಗೆ ನನ್ನ ಬಾಯಿಂದಲ್ಲ, ಶಾಲೆಯಿಂದ ನೇರವಾಗಿ ತಿಳಿಯಲಿ ಎಂಬುದು ನಮ್ಮಿಬ್ಬರ ಆಸೆ. ಅವರ ಜರ್ಮನಿಯ ಸಂಖ್ಯೆಯನ್ನೂ ಮೂರನೆಯದಾಗಿ ಕೊಟ್ಟಿದ್ದೇನೆ, ಆದರೆ ತುರ್ತಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ಇಲ್ಲಿ ಬೆಳಿಗ್ಗೆ ಒಂಬತ್ತಾದಾಗ ಅಲ್ಲಿ ಐದೂವರೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿನ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಇನ್ನೂ ನಾಲ್ಕೂವರೆಯಾಗಿರುತ್ತದೆ.

ಈ ಬದಲಾವಣೆಗೆ ಒಪ್ಪಿ ಪ್ರಕಾಶ್ ಅವರು ಸಹಿ ಮಾಡಿ ಕಳುಹಿಸಿದ ಪತ್ರದ ಪ್ರತಿ, ನನ್ನ ಮತ್ತು ನನ್ನ ತಂದೆಯ ಗುರುತಿನ ಚೀಟಿಗಳ ಪ್ರತಿ ಹಾಗೂ ನಮ್ಮಿಬ್ಬರ ಭಾವಚಿತ್ರಗಳು ಲಕೋಟೆಯಲ್ಲಿವೆ. ಮೂಲ ದಾಖಲೆಗಳನ್ನು ನೋಡಬೇಕೆಂದರೆ ಯಾವ ದಿನವಾದರೂ ಸಂಜೆ ನಾಲ್ಕರ ನಂತರ ತಂದು ತೋರಿಸುತ್ತೇನೆ.

ತಿದ್ದುಪಡಿ ಮುಗಿದ ಮೇಲೆ ಕಚೇರಿಯ ಫೋನಿನಿಂದಲೇ ಹೊಸ ಸಂಖ್ಯೆಗೆ ಒಮ್ಮೆ ಕರೆ ಮಾಡಿ. ಶಾಲೆಯ ಸಂಖ್ಯೆಯನ್ನು ಹೆಸರಿನೊಂದಿಗೆ ನನ್ನ ಮೊಬೈಲಿನಲ್ಲಿ ಉಳಿಸಿಕೊಳ್ಳುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸುಮಾ ಪ್ರಕಾಶ್