ಹೌದು, ನಿಮ್ಮ ಅನುಮಾನ ನಿಜ

‘ನನ್ನ ಜೊತೆ ಫ್ಲರ್ಟ್ ಮಾಡುತ್ತಿದ್ದೀರಾ?’ ಎಂದು ಕೇಳಿದಿರಲ್ಲ, ಹೌದು, ಮಾಡುತ್ತಿದ್ದೇನೆ. ನೇರವಾಗಿ ಕೇಳಿದ್ದು ಒಳ್ಳೆಯದಾಯಿತು, ಇನ್ನು ಕದ್ದುಮುಚ್ಚಿ ಮಾಡಬೇಕಾಗಿಲ್ಲ!

ಕಳೆದ ಭಾನುವಾರ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹೆಜ್ಜಾರ್ಲೆಗಳನ್ನು ಎಣಿಸುತ್ತಿದ್ದಿರಲ್ಲ, 17ಕ್ಕೆ ಬಂದಾಗ ಬೇಕೆಂದೇ ಮಾತನಾಡಿಸಿ ಲೆಕ್ಕ ತಪ್ಪಿಸಿದೆ. ಮತ್ತೆ ಒಂದರಿಂದ ಎಣಿಸಲಿ, ಇನ್ನೂ ಹತ್ತು ನಿಮಿಷ ಜೊತೆಗಿರಲಿ ಎಂಬ ಆಸೆ. ಎಣಿಸುವಾಗ ನಿಮ್ಮ ತುಟಿ ಸದ್ದಿಲ್ಲದೆ ಅಲುಗುತ್ತದೆ, ಗೊತ್ತೇ? ಹಕ್ಕಿಗಳನ್ನು ನಾನು ನೋಡಲೇ ಇಲ್ಲ.

ಮಾತು ತಮಾಷೆಯದು, ಮನಸ್ಸು ಹುಡುಗಾಟದ್ದಲ್ಲ. ನೀವು ನನಗೆ ತುಂಬಾ ಇಷ್ಟ. ಮುಜುಗರವಾಗಿದ್ದರೆ ಒಂದು ಮಾತು ಹೇಳಿ, ಇಂದೇ ನಿಲ್ಲಿಸುತ್ತೇನೆ. ನಮ್ಮ ಸ್ನೇಹ ಹಾಗೆಯೇ ಇರುತ್ತದೆ. ಇಲ್ಲವಾದರೆ ಈ ಭಾನುವಾರ ಬೆಳಿಗ್ಗೆ ಆರೂವರೆಗೆ ಅದೇ ಕಲ್ಲುಬೆಂಚಿನ ಬಳಿ ಬನ್ನಿ. 18ನೆಯದನ್ನು ನಾನೇ ತೋರಿಸುತ್ತೇನೆ.