ವಿಷಯ: ಪೇಸ್ಲಿಪ್ ಮತ್ತು ಸಂಬಳದ ಬ್ರೇಕಪ್ ಕೇಳಿದ್ದರ ಬಗ್ಗೆ

ನಮಸ್ಕಾರ ಕವಿತಾ ಮೇಡಂ,

ಮಂಗಳವಾರದ ಮೂರನೇ ರೌಂಡ್ ಚೆನ್ನಾಗಿ ಆಯಿತು ಎಂದು ಅದೇ ಸಂಜೆ ಫೋನ್ ಮಾಡಿ ತಿಳಿಸಿದಿರಿ. ತುಂಬಾ ಖುಷಿಯಾಯಿತು. ಟೀಮ್ ಜೊತೆ ಮಾತಾಡಿದ ಮೇಲಂತೂ ಈ ಕೆಲಸ ಬೇಕೇ ಬೇಕು ಅನ್ನಿಸಿದೆ.

ನಿನ್ನೆಯ ಮೇಲ್‌ನಲ್ಲಿ ಈಗಿನ ಸಂಬಳದ ಬ್ರೇಕಪ್ ಮತ್ತು ಮೂರು ತಿಂಗಳ ಪೇಸ್ಲಿಪ್ ಕೇಳಿದ್ದೀರಿ. ಆಫರ್ ಆಗುವ ಮೊದಲೇ ಅವನ್ನು ಕೊಡಲು ನನಗೆ ಮನಸ್ಸಿಲ್ಲ. ಸುಮ್ನೆ ಹಟ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ.

ಹಿಂದಿನ ಸಲ ಕೆಲಸ ಬದಲಿಸುವಾಗ ಕೇಳಿದ ಕೂಡಲೇ ಎಲ್ಲವನ್ನೂ ಕಳಿಸಿದ್ದೆ. ಹಳೇ ಸಂಬಳದ ಮೇಲೆ ಶೇ. 25 ಏರಿಸಿ ಆಫರ್ ಕೊಟ್ಟರು. ಅದೇ ಕೆಲಸಕ್ಕೆ, ಅಷ್ಟೇ ಅನುಭವ ಇದ್ದ ಪಕ್ಕದ ಸೀಟಿನವರಿಗೆ ವರ್ಷಕ್ಕೆ 4 ಲಕ್ಷ ಜಾಸ್ತಿ ಇದೆ ಎಂದು ಎಂಟು ತಿಂಗಳಾದ ಮೇಲೆ ಗೊತ್ತಾಯಿತು. ಮೊದಲ ಕೆಲಸಕ್ಕೆ ಕಡಿಮೆ ಸಂಬಳಕ್ಕೆ ಸೇರಿದ್ದು ಅಲ್ಲಿಯವರೆಗೂ ಬೆನ್ನು ಬಿಟ್ಟಿರಲಿಲ್ಲ. ಈ ಸಲ ಹಾಗಾಗುವುದು ಬೇಡ.

ಪೇಸ್ಲಿಪ್ ಅಂದರೆ ಬರೀ ಸಂಬಳವೂ ಅಲ್ಲ, ಅಲ್ವಾ? ನನ್ನದರಲ್ಲಿ ಪ್ಯಾನ್, ಯುಎಎನ್, ಬ್ಯಾಂಕ್ ಖಾತೆ ನಂಬರ್ ಇವೆ. ಅಪ್ಪನ ಆಪರೇಷನ್ ಸಮಯದಲ್ಲಿ ಕಡಿತವಾದ ನಾಲ್ಕು ದಿನದ ಸಂಬಳವೂ ಅದರಲ್ಲಿ ಕಾಣುತ್ತದೆ. ಜೊತೆಗೆ, ಸಂಬಳದ ವಿವರ ಹೊರಗೆ ಹೇಳಬಾರದು ಎಂದು ನನ್ನ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲೇ ಬರೆದಿದೆ.

ನಿಮಗೆ ಲೆಕ್ಕ ಹಾಕಲು ಬೇಕಾದದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ನನ್ನ ನಿರೀಕ್ಷೆ ವರ್ಷಕ್ಕೆ 19 ಲಕ್ಷ ಫಿಕ್ಸೆಡ್. ಕಂಪನಿ ಕಟ್ಟುವ ಪಿಎಫ್, ಗ್ರಾಚುಟಿ, ಇನ್ಶೂರೆನ್ಸ್ ಪ್ರೀಮಿಯಂ, ವೇರಿಯಬಲ್ ಇದರಲ್ಲಿ ಸೇರಿಲ್ಲ. ಒಂದೊಂದು ಕಡೆ ಒಂದೊಂದನ್ನು ಸಿಟಿಸಿಗೆ ಸೇರಿಸುತ್ತಾರೆ, ಅದಕ್ಕೇ ಫಿಕ್ಸೆಡ್ ಎಂದೇ ಹೇಳುತ್ತಿದ್ದೇನೆ. ಆರು ವರ್ಷದ ಅನುಭವ, ಮೂರು ರೌಂಡ್‌ನಲ್ಲಿ ನೀವೇ ನೋಡಿದ ಕೆಲಸ, ಎಂಟು ಜನರ ಟೀಮ್ ನೋಡಿಕೊಳ್ಳುವ ಜವಾಬ್ದಾರಿ, ಇವನ್ನು ಇಟ್ಟುಕೊಂಡು ಈ ಮೊತ್ತ ಕೇಳುತ್ತಿದ್ದೇನೆ. ಈ ಹುದ್ದೆಗೆ ನೀವು ಇಟ್ಟುಕೊಂಡಿರುವ ಬಜೆಟ್ ಎಷ್ಟರಿಂದ ಎಷ್ಟು ಎಂದು ದಯವಿಟ್ಟು ತಿಳಿಸಿ. ತೀರಾ ಅಂತರ ಇದ್ದರೆ ಈಗಲೇ ಗೊತ್ತಾಗಲಿ, ಇಬ್ಬರಿಗೂ ಸಮಯ ಉಳಿಯುತ್ತದೆ.

ನಿಮ್ಮ ಪೋರ್ಟಲ್ ‘ಈಗಿನ ಸಿಟಿಸಿ’ ಕಾಲಂ ಖಾಲಿ ಬಿಡಲು ಬಿಡಲಿಲ್ಲ. ಅಲ್ಲಿ 0 ಹಾಕಿದ್ದೇನೆ. ಅದನ್ನು ನನ್ನ ಸಂಬಳ ಎಂದು ತೆಗೆದುಕೊಳ್ಳಬೇಡಿ.

ಲಿಖಿತ ಆಫರ್ ಬಂದು, ನಾನು ಒಪ್ಪಿ ಸಹಿ ಹಾಕಿದ ಮೇಲೆ ವೆರಿಫಿಕೇಶನ್‌ಗೆ ಅನುಭವ ಪತ್ರ, ರಿಲೀವಿಂಗ್ ಲೆಟರ್ ಕೊಡುತ್ತೇನೆ. ಪೇಸ್ಲಿಪ್ ಬೇಕೇ ಬೇಕು ಎಂದರೆ ಆಗ ಖಾತೆ ನಂಬರ್ ಮತ್ತು ಮೊತ್ತ ಮರೆಮಾಡಿ ಕಳಿಸುತ್ತೇನೆ. ನಾನು ಈಗಿನ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ ಎನ್ನುವುದಕ್ಕೆ ಅಷ್ಟು ಸಾಕಾಗುತ್ತದೆ.

‘ಪೇಸ್ಲಿಪ್ ಇಲ್ಲದೆ ಫೈಲ್ ಮುಂದೆ ಹೋಗಲ್ಲ’ ಎಂದು ಮೇಲಿನವರು ಹೇಳಿದರೆ ನನಗೆ ತಿಳಿಸಿ. ಅವರ ಜೊತೆ ನಾನೇ ಹತ್ತು ನಿಮಿಷ ಮಾತಾಡುತ್ತೇನೆ. ಗುರುವಾರ, ಶುಕ್ರವಾರ ಸಂಜೆ 6ರ ಮೇಲೆ ಬಿಡುವಾಗಿರುತ್ತೇನೆ.

ಇಂತಿ,
ರಶ್ಮಿ